ಹೂಕೋಸಿನ ಒಂದು ಪ್ಲೇಟಿಗೆ ಬೆಲೆ ಕಟ್ಟುವುದು

ಉದ್ದೇಶ: ಶೇಕಡಾ ಲೆಕ್ಕದಲ್ಲಿ ‘ಯಾವುದರ ಶೇಕಡಾ’ ಎಂಬುದನ್ನು ವಿದ್ಯಾರ್ಥಿಗಳು ಗುರುತಿಸುವುದು.

ಪಾಠ: ಒಂದು ಹೋಟೆಲಿನವರು ಗೋಬಿ ಮಂಚೂರಿಗಾಗಿ ಕಿಲೋಗೆ 48 ರೂಪಾಯಿಯಂತೆ 5 ಕಿಲೋ ಹೂಕೋಸು ಕೊಂಡರೆಂದು ಇಟ್ಟುಕೊಳ್ಳೋಣ. ಕೊಟ್ಟ ಹಣ 240 ರೂಪಾಯಿ. ಎಲೆ, ದಂಟು, ಹುಳುಕು ಭಾಗಗಳನ್ನು ತೆಗೆದ ಮೇಲೆ ಉಳಿದ ಹೂವು 3 ಕಿಲೋ. ಅಂದರೆ ಕೊಂಡ ತೂಕದ ಶೇ. 60. ಇದೇ ಬಳಕೆಯ ಇಳುವರಿ. 240 ರೂಪಾಯಿಯನ್ನು ಈ 3 ಕಿಲೋವೇ ಹೊರಬೇಕಾದ್ದರಿಂದ ಹಸನಾದ ಹೂಕೋಸಿನ ನಿಜವಾದ ದರ ಕಿಲೋಗೆ 80 ರೂಪಾಯಿ.

ಇಲ್ಲಿ ಹಲವರು ಎಡವುತ್ತಾರೆ. ಶೇ. 40 ವ್ಯರ್ಥವಾಯಿತೆಂದು 48ಕ್ಕೆ ಅದರ ಶೇ. 40ನ್ನು ಕೂಡಿಸಿ 67.20 ಎನ್ನುತ್ತಾರೆ. ಆದರೆ ಆ ಶೇ. 40 ತೂಕದ ಪಾಲೇ ಹೊರತು ದರದ ಪಾಲಲ್ಲ. ಆದ್ದರಿಂದ ಕೂಡಿಸಬಾರದು, 48ನ್ನು 0.60ರಿಂದ ಭಾಗಿಸಬೇಕು.

ಒಂದು ಪ್ಲೇಟಿಗೆ 200 ಗ್ರಾಂ ಹೂಕೋಸು ಹಾಕಿದರೆ ಅದರ ವೆಚ್ಚ 16 ರೂಪಾಯಿ. ಹಿಟ್ಟು, ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ, ಸಾಸ್‌ಗಳಿಗೆ 20 ರೂಪಾಯಿ. ಒಟ್ಟು 36 ರೂಪಾಯಿ.

ಮಾರಾಟ ಬೆಲೆಯಲ್ಲಿ ಸಾಮಗ್ರಿಯ ಪಾಲು ಶೇ. 30 ಮೀರಬಾರದೆಂಬುದು ಮಾಲೀಕರ ಗುರಿ. ಉಳಿದ ಹಣದಲ್ಲಿ ಕೂಲಿ, ಗ್ಯಾಸ್, ಬಾಡಿಗೆ ತೀರಿ ಲಾಭವೂ ಉಳಿಯಬೇಕು. 36 ರೂಪಾಯಿ ಬೆಲೆಯ ಶೇ. 30 ಆಗಬೇಕಾದರೆ 36ನ್ನು 0.30ರಿಂದ ಭಾಗಿಸಬೇಕು: ತೆರಿಗೆ ಸೇರಿಸದೆ 120 ರೂಪಾಯಿ. ಇಳುವರಿಯನ್ನು ಮರೆತವರಿಗೆ ಹೂಕೋಸಿನ ವೆಚ್ಚ ಬರೀ 9.60 ಎಂದು ತೋರುತ್ತದೆ. ಅವರು ಪ್ಲೇಟಿಗೆ ಸುಮಾರು 99 ರೂಪಾಯಿ ಸಾಕೆನ್ನುತ್ತಾರೆ. ಆ ಬೆಲೆಗೆ ಸಾಮಗ್ರಿಯ ನಿಜವಾದ ಪಾಲು ಶೇ. 36ನ್ನು ದಾಟುತ್ತದೆ. ದಿನಕ್ಕೆ 50 ಪ್ಲೇಟು ಮಾರಿದರೆ ಲೆಕ್ಕಕ್ಕೆ ಸಿಗದೆ ಹೋಗುವ ವೆಚ್ಚ 320 ರೂಪಾಯಿ.

ಇಳುವರಿ ಸದಾ ಒಂದೇ ಆಗಿರದು. ಎಲೆ ಹೆಚ್ಚಿರುವ ಮಾಲು ಬಂದು ಅದು ಶೇ. 50ಕ್ಕೆ ಇಳಿದರೆ ಪ್ಲೇಟಿನ ವೆಚ್ಚ 39.20 ಆಗುತ್ತದೆ, 120 ರೂಪಾಯಿಗೆ ಮಾರಿದರೂ ಪಾಲು ಶೇ. 32.7ಕ್ಕೆ ಏರುತ್ತದೆ. ತಿಂಗಳ ಕೊನೆಯಲ್ಲಿ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಉಳಿದ ದಾಸ್ತಾನನ್ನು ಕಳೆದು, ಬಂದುದನ್ನು ಮಾರಾಟದಿಂದ ಭಾಗಿಸಿದರೆ ಈ ಏರಿಕೆ ಕಾಣುತ್ತದೆ. ಆಗ ಮೊದಲು ಹಸನು ಮಾಡಿದ ತೂಕವನ್ನು, ಅನಂತರ ಪ್ಲೇಟಿಗೆ ಹಾಕುವ ಪ್ರಮಾಣವನ್ನು ಪರೀಕ್ಷಿಸಬೇಕು.

ಚಟುವಟಿಕೆ: ಶಾಲೆಯ ಅಡುಗೆಮನೆಯಲ್ಲಿ ಒಂದು ತರಕಾರಿಯನ್ನು ಹಸನು ಮಾಡುವ ಮೊದಲು ಮತ್ತು ಅನಂತರ ವಿದ್ಯಾರ್ಥಿಗಳಿಂದ ತೂಗಿಸುವುದು. ತೊಳೆದಿದ್ದರೆ ನೀರು ಬಸಿದ ಮೇಲೆಯೇ ತೂಗಬೇಕು. ಇಲ್ಲವಾದರೆ ಇಳುವರಿ ಹೆಚ್ಚಾಗಿ ತೋರುತ್ತದೆ.

ಅಭ್ಯಾಸ: ಕಿಲೋಗೆ 60 ರೂಪಾಯಿಯ 2 ಕಿಲೋ ಹಸಿ ಬಟಾಣಿಯನ್ನು ಸುಲಿದಾಗ 800 ಗ್ರಾಂ ಕಾಳು ದೊರೆಯಿತು. ಒಂದು ಬಟ್ಟಲು ಪಲ್ಯಕ್ಕೆ 80 ಗ್ರಾಂ ಕಾಳು, ಇತರ ಸಾಮಗ್ರಿ 16 ರೂಪಾಯಿ, ಗುರಿ ಶೇ. 35. ಬೆಲೆ ಎಷ್ಟು? (ಉತ್ತರ: 80 ರೂಪಾಯಿ)