ಒಡೆದ ಕುರಿಮರಿ

ಗೋದಲಿ ಕಟ್ಟುವಾಗ ರೀಟಾಳ ಕೈಜಾರಿ ಮಣ್ಣಿನ ಕುರಿಮರಿ ಒಡೆಯಿತು. ಚೂರುಗಳನ್ನು ಹುಲ್ಲಿನಡಿ ಬಚ್ಚಿಟ್ಟಳು. "ಇದು ತುಂಟ ಅಂತೋಣಿಯದೇ ಕೆಲಸ" ಎಂದರು ಎಲ್ಲರೂ. ಅಂತೋಣಿ ಅಳುತ್ತಾ ಮನೆಗೆ ಹೋದ. ಆ ರಾತ್ರಿ ರೀಟಾಳಿಗೆ ಊಟ ಸೇರಲಿಲ್ಲ. ಮರುದಿನ ಎಲ್ಲರೆದುರು, "ಸಿಸ್ಟರ್, ಒಡೆದದ್ದು ನಾನು, ಅಂತೋಣಿಯಲ್ಲ" ಎಂದಳು. ಸಿಸ್ಟರ್ ಗೋಂದು ತಂದುಕೊಟ್ಟರು. ಇಬ್ಬರೂ ಸೇರಿ ಕುರಿಮರಿಯನ್ನು ಅಂಟಿಸಿದರು. ಬಿರುಕು ಮಾತ್ರ ಹಾಗೇ ಕಾಣುತ್ತಿತ್ತು.

ಪ್ರಶ್ನೆಗಳು

1. ರೀಟಾ ಚೂರುಗಳನ್ನು ಎಲ್ಲಿ ಬಚ್ಚಿಟ್ಟಳು?
2. ಎಲ್ಲರೂ ಅಂತೋಣಿಯನ್ನೇ ಏಕೆ ದೂರಿದರು?
3. ರೀಟಾ ಸಿಸ್ಟರಿಗೆ ಗುಟ್ಟಾಗಿ ಹೇಳಿದ್ದರೆ ಸಾಕಿತ್ತೇ?

ಶಿಕ್ಷಕರಿಗೆ

ಕೈಜಾರಿದ್ದು ತಪ್ಪೇ, ಬಚ್ಚಿಟ್ಟದ್ದು ತಪ್ಪೇ ಎಂದು ಮಕ್ಕಳು ಇಬ್ಬಿಬ್ಬರಾಗಿ ಮಾತಾಡಲಿ. ಬಳಿಕ ರೀಟಾ, ಅಂತೋಣಿಯಾಗಿ ಕ್ಷಮೆ ಕೇಳುವುದನ್ನು ಅಭಿನಯಿಸಲಿ. ಮಕ್ಕಳ ಸ್ವಂತ ತಪ್ಪುಗಳನ್ನು ತರಗತಿಯಲ್ಲಿ ಕೇಳಬೇಡಿ.