ಲೋಗೊ ಪ್ರೆಸ್‌ನವರ ಹತ್ತಿರ ಕೇಳಿ

ನವನಗರದ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುವ ತಮ್ಮಂದಿರೇ, ತಂಗಿಯರೇ, ‘ಬರಹ, ಫೋಟೊ, ಲೋಗೊ ಕಳಿಸಿ ಸರ್’ ಎಂದು ಹೇಳಿ ಕಾಯುತ್ತ ಕೂಡಬೇಡಿ. ಗಿರಾಕಿಗಳನ್ನು ಬಿಟ್ಟು ಅವರು ಬರೆಯಲು ಕೂಡುವುದಿಲ್ಲ. ವ್ಯಾಪಾರ ಕಡಿಮೆಯಿರುವ ಮಧ್ಯಾಹ್ನ ನೀವೇ ಹೋಗಿ, ಕೇಳಿಕೊಂಡು ರೆಕಾರ್ಡ್ ಮಾಡಿ, ಬರೆದು ತೋರಿಸಿ; ತಿದ್ದುವುದು ಅವರಿಗೆ ಸುಲಭ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಅದು ಫೋಟೊಗಳನ್ನು ಕುಗ್ಗಿಸಿಬಿಡುತ್ತದೆ.

ಹೆಚ್ಚು ತಡವಾಗುವುದು ಲೋಗೊದಿಂದ. ಮಾಲೀಕರು ವಿಸಿಟಿಂಗ್ ಕಾರ್ಡಿನ ಫೋಟೊ ಕಳಿಸುತ್ತಾರೆ. ದೊಡ್ಡದು ಮಾಡಿದರೆ ಅಂಚು ಒಡೆಯುತ್ತದೆ. ಕಾರ್ಡು ಮುದ್ರಿಸಿದ ಪ್ರೆಸ್‌ನವರ ನಂಬರು ಪಡೆಯಿರಿ. ಅವರ ಕಂಪ್ಯೂಟರಿನಲ್ಲಿ ಕೋರೆಲ್‌ಡ್ರಾದ ಮೂಲ ಫೈಲು, ಅಂದರೆ .cdr, ಉಳಿದಿರಬಹುದು. ಬರಹ, ಫೋಟೊ, ಲೋಗೊ ಎಲ್ಲ ಕೈಸೇರಿದ ದಿನದಿಂದಲೇ ಕೆಲಸದ ಗಡುವು ಶುರು ಎಂದು ಮುಂಗಡ ಪಡೆಯುವಾಗಲೇ ಬರೆದುಕೊಡಿ.