‘ಹೈ ಪ್ರೋಟೀನ್’ ಎಂದವರಿಗೆ ದೂರು ಬರೆಯುವಾಗ ಹಿಡಿಯಬೇಕಾದ ಅಂಕಿ ಯಾವುದು?

ಕುರುಕಲು ತಿಂಡಿಯ ಪೊಟ್ಟಣದ ಮುಂದೆ ‘ಹೈ ಪ್ರೋಟೀನ್’ ಎಂದಿರುತ್ತದೆ, ಹಿಂದಿನ ಪಟ್ಟಿ ಬೇರೆಯೇ ಹೇಳುತ್ತದೆ. ಓದುಗರು ಸಿಟ್ಟಿನಿಂದ ದೂರು ಬರೆಯುತ್ತಾರೆ, ಆದರೆ ತಪ್ಪು ಅಂಕಿ ಹಿಡಿದು ಸೋಲುತ್ತಾರೆ.

ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳ ಪ್ರಕಾರ, ಘನ ಆಹಾರದ ಮೇಲೆ ‘ಹೈ ಪ್ರೋಟೀನ್’ ಎಂದು ಬರೆಯಬೇಕಾದರೆ ದಿನಕ್ಕೆ ಬೇಕಾದ ಪ್ರೋಟೀನಿನ ಶೇ 20ರಷ್ಟು 100 ಗ್ರಾಂ ತಿಂಡಿಯಲ್ಲಿರಬೇಕು. ವಯಸ್ಕ ಪುರುಷರಿಗೆ ಐಸಿಎಂಆರ್ ಹೇಳಿರುವ ಪ್ರಮಾಣ ದಿನಕ್ಕೆ 54 ಗ್ರಾಂ. ಅದರ ಶೇ 20 ಎಂದರೆ 10.8 ಗ್ರಾಂ.

1. ಪಟ್ಟಿ ಓದಿ. ಒಂದು ಪೊಟ್ಟಣದ ಪಟ್ಟಿಯಲ್ಲಿ 100 ಗ್ರಾಂಗೆ 8.4 ಗ್ರಾಂ, 30 ಗ್ರಾಂನ ಒಂದು ಸರ್ವಿಂಗ್‌ಗೆ 2.5 ಗ್ರಾಂ ಪ್ರೋಟೀನ್ ಎಂದಿದೆ ಎಂದುಕೊಳ್ಳಿ. ಎಲ್ಲರೂ ಎಡವುವುದು ಇಲ್ಲೇ. ‘ಬರೀ 2.5 ಗ್ರಾಂ ಕೊಟ್ಟು ಮೋಸ ಮಾಡಿದ್ದೀರಿ’ ಎಂದು ಬರೆದರೆ, ‘ನಿಯಮ ನೋಡುವುದು 100 ಗ್ರಾಂ ಲೆಕ್ಕವನ್ನು’ ಎಂದು ಕಂಪನಿ ಉತ್ತರಿಸುತ್ತದೆ, ಅದು ಸರಿಯೂ ಹೌದು. ಸರ್ವಿಂಗ್ ಅಂಕಿಯನ್ನು ಪತ್ರದಲ್ಲಿ ತರಲೇಬೇಡಿ. ನಿಮ್ಮ ಅಸ್ತ್ರ 8.4. ಅದು 10.8ಕ್ಕಿಂತ ಕಡಿಮೆ. ಮಹಿಳೆಯರ ಪ್ರಮಾಣವಾದ 46 ಗ್ರಾಂ ಹಿಡಿದರೂ ಮಿತಿ 9.2, ಅದನ್ನೂ ಮುಟ್ಟುವುದಿಲ್ಲ. ‘ಪ್ರೋಟೀನ್ ಇದೆ’ ಎನ್ನಲು ಬೇಕಾದ ಶೇ 10ರ ಮಿತಿ ದಾಟಿರುವುದರಿಂದ ಹಾಗೆನ್ನಬಹುದು, ‘ಹೈ’ ಎನ್ನುವಂತಿಲ್ಲ.

2. ಸಾಕ್ಷಿ ಇಟ್ಟುಕೊಳ್ಳಿ. ಮುಂಭಾಗ, ಪೌಷ್ಟಿಕಾಂಶ ಪಟ್ಟಿ, ಬ್ಯಾಚ್ ಸಂಖ್ಯೆ, ತಯಾರಿಕೆ ದಿನಾಂಕ ಮತ್ತು 14 ಅಂಕಿಯ ಲೈಸೆನ್ಸ್ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಬಿಲ್ಲನ್ನೂ ಖಾಲಿ ಪೊಟ್ಟಣವನ್ನೂ ಎಸೆಯಬೇಡಿ. ಲ್ಯಾಬ್ ಪರೀಕ್ಷೆ ಬೇಡ, ಕಂಪನಿಯೇ ಮುದ್ರಿಸಿದ ಅಂಕಿ ಸಾಕು.

3. ಪತ್ರ ಬರೆಯಿರಿ. ಪೊಟ್ಟಣದ ಮೇಲಿರುವ ಗ್ರಾಹಕ ಸೇವೆಯ ಇಮೇಲ್‌ಗೆ ಹೀಗೆ ಕಳಿಸಿ:

> ಮಾನ್ಯರೇ,
> ನಿಮ್ಮ ಈ ತಿಂಡಿಯ (ಬ್ಯಾಚ್ ಸಂಖ್ಯೆ …) ಪೊಟ್ಟಣದ ಮುಂದೆ ‘ಹೈ ಪ್ರೋಟೀನ್’ ಎಂದಿದೆ. ನಿಮ್ಮದೇ ಪಟ್ಟಿಯಂತೆ 100 ಗ್ರಾಂನಲ್ಲಿರುವುದು 8.4 ಗ್ರಾಂ. 2018ರ ನಿಯಮದಂತೆ ಬೇಕಾದದ್ದು 10.8 ಗ್ರಾಂ. ಈ ಘೋಷಣೆಗೆ ಆಧಾರವೇನು? ಆಧಾರವಿಲ್ಲದಿದ್ದರೆ ಅದನ್ನು ಯಾವಾಗ ತೆಗೆಯುತ್ತೀರಿ? 15 ದಿನದೊಳಗೆ ಲಿಖಿತ ಉತ್ತರ ಕೊಡಿ. ಫೋಟೊಗಳನ್ನು ಲಗತ್ತಿಸಿದ್ದೇನೆ.

ರುಚಿ, ಬೆಲೆ, ಎಣ್ಣೆಯ ಬಗೆಗಿನ ದೂರುಗಳನ್ನು ಇದರೊಳಗೆ ಸೇರಿಸಬೇಡಿ. ಸೇರಿಸಿದರೆ ಕಂಪನಿ ಅವಕ್ಕೆ ಮಾತ್ರ ಉತ್ತರಿಸಿ, ಮುಖ್ಯ ಪ್ರಶ್ನೆಯನ್ನು ಬಿಟ್ಟುಬಿಡುತ್ತದೆ. ಬದಲಿ ಪೊಟ್ಟಣವೋ ಕೂಪನ್ನೋ ಕಳಿಸಿದರೆ ಅದೂ ಉತ್ತರವಲ್ಲ.

4. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್‌ನಲ್ಲೂ ಪತ್ರದ ಪ್ರತಿಯೊಂದಿಗೆ ದೂರು ದಾಖಲಿಸಿ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್‌ನಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ.